ಸೆಮಿನಾರಿನಲ್ಲಿ ಆಡುವ ಮಾತು ಹಿಂದಿನ ದಿನವೇ ತಯಾರಾಗಬೇಕು

ಪ್ರಶ್ನೆ: ಮೇಡಂ, ನಾನು ಮಂಡ್ಯದ ಹುಡುಗ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಈ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಬಂದು ಪರಿಸರ ನೀತಿಯ ಎಂ.ಎಸ್ಸಿ. ಸೇರಿದ್ದೇನೆ. ಒಂದು ವರ್ಷದ ಕೋರ್ಸು. ವಾರಕ್ಕೆ ಒಂಬತ್ತು ಗಂಟೆ ಮಾತ್ರ ಕ್ಲಾಸು. ನೋಟ್ಸ್ ಯಾರೂ ಕೊಡಲ್ಲ, ಓದುವ ಪಟ್ಟಿ ನೋಡಿದರೆ ಎದೆ ಧಸಕ್ ಅನ್ನುತ್ತೆ. ಸೆಮಿನಾರಿನಲ್ಲಿ ಎಲ್ಲರೂ ಮಾತಾಡುತ್ತಾರೆ, ಎರಡು ತಿಂಗಳಾದರೂ ನಾನು ಬಾಯಿ ಬಿಟ್ಟಿಲ್ಲ. ಅಭ್ಯಾಸಕ್ಕೆ ಅಂತ ಬರೆಸಿದ ಸಾವಿರ ಪದದ ಪ್ರಬಂಧಕ್ಕೆ 54 ಬಂತು. ‘ಬರೀ ವಿವರಣೆ ಇದೆ, ವಿಶ್ಲೇಷಣೆ ಸಾಲದು’ ಅಂತ ಬರೆದಿದ್ದಾರೆ. ಮೈಸೂರಿನ ಡಿಗ್ರಿಯಲ್ಲಿ ನನಗೆ 82 ಪರ್ಸೆಂಟ್ ಇತ್ತು. ಏನು ಮಾಡಲಿ?

ಉತ್ತರ: ಮೊದಲು ಆ 54ರ ಲೆಕ್ಕ ಮುಗಿಸಿಬಿಡೋಣ, ಯಾಕೆಂದರೆ ಅದು ತಲೆಯಲ್ಲಿ ಕೊರೆಯುತ್ತಿರುವವರೆಗೂ ಬೇರೆ ಮಾತು ಒಳಗೆ ಹೋಗುವುದಿಲ್ಲ. ಬ್ರಿಟನ್ನಿನ ಮಾಸ್ಟರ್ಸ್‌ನಲ್ಲಿ ಪಾಸಾಗಲು 50 ಬೇಕು. 60 ದಾಟಿದರೆ ಮೆರಿಟ್, 70 ದಾಟಿದರೆ ಡಿಸ್ಟಿಂಕ್ಷನ್. ಅಲ್ಲಿ 80 ಕೊಡುವುದು ಅಪರೂಪ. ನಿಮ್ಮ 82ನ್ನೂ ಈ 54ನ್ನೂ ಒಂದೇ ಅಳತೆಗೋಲಿನಲ್ಲಿ ಇಡಬೇಡಿ. ಮನೆಯಲ್ಲಿ ಅಪ್ಪ ಕೇಳಿದರೂ ಹೀಗೇ ಹೇಳಿ: ಪಾಸಾಗಿದ್ದೇನೆ, ಮೆರಿಟ್‌ಗೆ ಆರು ಅಂಕ ಕಡಿಮೆ ಇದೆ. ಅಭ್ಯಾಸದ ಪ್ರಬಂಧ ಆದ್ದರಿಂದ ಸಾಮಾನ್ಯವಾಗಿ ಅದು ಅಂತಿಮ ಅಂಕಕ್ಕೆ ಸೇರುವುದೂ ಇಲ್ಲ. ಜನವರಿಯಲ್ಲಿ ಕೊಡಬೇಕಾದ ದೊಡ್ಡ ಪ್ರಬಂಧಕ್ಕೆ ಮೊದಲೇ ತಪ್ಪು ಎಲ್ಲಿದೆ ಅಂತ ಹೇಳಿಕೊಟ್ಟಿದ್ದಾರೆ, ಅಷ್ಟೇ.

ಇನ್ನು ವಾರಕ್ಕೆ ಒಂಬತ್ತು ಗಂಟೆ. ಅಲ್ಲಿ ಒಂದು ಕ್ರೆಡಿಟ್ ಅಂದರೆ ಹತ್ತು ಗಂಟೆ ಕೆಲಸ ಅಂತ ಲೆಕ್ಕ. ಇಡೀ ಮಾಸ್ಟರ್ಸ್ 180 ಕ್ರೆಡಿಟ್. 20 ಕ್ರೆಡಿಟ್‌ನ ಒಂದು ಮಾಡ್ಯೂಲ್ ಅಂದರೆ 200 ಗಂಟೆ. ವಾರಕ್ಕೆ ಮೂರು ಗಂಟೆಯಂತೆ ಹತ್ತು ವಾರ ಕ್ಲಾಸು ನಡೆದರೆ ಆಗುವುದು ಮೂವತ್ತು ಗಂಟೆ. ಉಳಿದ 170 ಗಂಟೆ ಯಾರ ಟೈಮ್‌ಟೇಬಲ್‌ನಲ್ಲೂ ಇರುವುದಿಲ್ಲ, ಅದು ನಿಮ್ಮದು. ನಿಮಗೆ ಈಗ ಅಂಥ ಮೂರು ಮಾಡ್ಯೂಲ್ ಇರಬೇಕು. ಜನವರಿಯ ಮಧ್ಯದವರೆಗೆ ಲೆಕ್ಕ ಹಾಕಿದರೆ ಕ್ಲಾಸೂ ಸೇರಿ ವಾರಕ್ಕೆ ಸುಮಾರು ನಲವತ್ತು ಗಂಟೆ ಕೆಲಸ. ಖಾಲಿ ಕಾಣುವ ಟೈಮ್‌ಟೇಬಲ್ ನೋಡಿ ಬಹಳ ಹುಡುಗರು ಅಂಗಡಿಯಲ್ಲೋ ಗೋದಾಮಿನಲ್ಲೋ ಕೆಲಸ ಹಿಡಿಯುತ್ತಾರೆ. ಟರ್ಮ್ ನಡೆಯುವಾಗ ವೀಸಾ ಕೊಡುವ ಮಿತಿ ವಾರಕ್ಕೆ 20 ಗಂಟೆ. ಅದನ್ನು ಪೂರ್ತಿ ದುಡಿದರೆ ಅಲ್ಲಿಗೆ ವಾರಕ್ಕೆ ಅರವತ್ತು ಗಂಟೆ ಆಯಿತು. ಸಾಲ ಮಾಡಿ ಹೋದವರಿಗೆ ಕೆಲಸ ಬಿಡಿ ಅಂತ ನಾನು ಹೇಳಲಾರೆ. ಆದರೆ ಸೆಮಿನಾರ್ ಇರುವ ಹಿಂದಿನ ದಿನ ಶಿಫ್ಟ್ ಹಾಕಿಸಿಕೊಳ್ಳಬೇಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ನಾನು ಕೆಲವು ವರ್ಷ ಇಂಗ್ಲೆಂಡಿನಲ್ಲಿ ಸೆಮಿನಾರ್ ನಡೆಸಿದವಳು. ಈಗ ಮೈಸೂರಿನಲ್ಲಿ ಕೂತು, ಹೊರಡುವ ಹುಡುಗ ಹುಡುಗಿಯರಿಗೆ ಇದನ್ನೇ ಹೇಳಿಕೊಡುತ್ತೇನೆ. ನಮ್ಮ ಕಡೆಯ ಮಕ್ಕಳು ಅಲ್ಲಿ ಸುಮ್ಮನೆ ಕೂರುವುದಕ್ಕೆ ಇಂಗ್ಲಿಷನ್ನೋ ಸಂಕೋಚವನ್ನೋ ಕಾರಣ ಮಾಡುತ್ತಾರೆ. ನಾನು ನೋಡಿದಂತೆ ಅಸಲಿ ಕಾರಣ ಓದಿನ ರೀತಿ. ಡಿಗ್ರಿಯಲ್ಲಿ ನೀವು ಓದಿದ್ದು ಪರೀಕ್ಷೆಯ ದಿನ ವಾಪಸ್ ಬರೆಯುವುದಕ್ಕೆ. ಝೆರಾಕ್ಸ್ ಅಂಗಡಿಯಲ್ಲಿ ಹಳೇ ಪ್ರಶ್ನೆಪತ್ರಿಕೆ, ಸೀನಿಯರ್ ಕೊಟ್ಟ ನೋಟ್ಸು, ಇಂಪಾರ್ಟೆಂಟ್ ಕ್ವೆಶ್ಚನ್ನು. ಆ ಓದು ಕೆಟ್ಟದ್ದು ಅಂತಲ್ಲ, ಅಲ್ಲಿಗೆ ಅದೇ ಬೇಕಾಗಿತ್ತು. ಆದರೆ ಹಾಗೆ ಓದಿಕೊಂಡು ಸೆಮಿನಾರಿಗೆ ಹೋದರೆ ಹೇಳುವುದಕ್ಕೆ ನಿಜವಾಗಿಯೂ ಏನೂ ಇರುವುದಿಲ್ಲ. ಲೇಖಕ ಹೇಳಿದ್ದನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಅದನ್ನು ಎಲ್ಲರೂ ಓದಿ ಬಂದಿದ್ದಾರೆ ಅಂತ ಇಟ್ಟುಕೊಂಡೇ ಮಾತು ಶುರುವಾಗುತ್ತೆ. ಹಾಗಾಗಿ ಮಾತಿನ ಸಮಸ್ಯೆಯೂ ಪ್ರಬಂಧದ 54ರ ಸಮಸ್ಯೆಯೂ ಒಂದೇ.

ಓದುವ ಪಟ್ಟಿಯಿಂದ ಶುರುಮಾಡಿ. ಒಂದು ವಾರಕ್ಕೆ ಹನ್ನೆರಡು ಹೆಸರು ಕೊಟ್ಟಿದ್ದರೆ ಹನ್ನೆರಡನ್ನೂ ಓದಿ ಅಂತ ಅರ್ಥ ಅಲ್ಲ. ಪಟ್ಟಿಯಲ್ಲಿ ‘ಎಸೆನ್ಷಿಯಲ್’ ಅಥವಾ ‘ಕೋರ್’ ಅಂತ ಗುರುತು ಹಾಕಿದ ಒಂದೆರಡು ಇರುತ್ತವೆ. ಸೆಮಿನಾರಿಗೆ ಅವು ಸಾಕು. ಉಳಿದವು ಪ್ರಬಂಧ ಬರೆಯುವಾಗ ಹುಡುಕಿಕೊಂಡು ಹೋಗಲು ಇಟ್ಟ ದಾರಿ. ಗುರುತು ಇಲ್ಲದಿದ್ದರೆ ಟ್ಯೂಟರ್‌ಗೆ ಒಂದು ಸಾಲಿನ ಮೇಲ್ ಹಾಕಿ, ‘ಗುರುವಾರಕ್ಕೆ ಯಾವ ಎರಡನ್ನು ಓದಿ ಬರಲಿ?’ ಅಂತ. ಇದನ್ನು ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಅನ್ನೋ ಭಯ ಬೇಡ. ಇಂಥ ಮೇಲ್ ಬಂದಾಗ ನನಗೆ ಆಗುತ್ತಿದ್ದದ್ದು ಖುಷಿಯೇ: ಒಬ್ಬರಾದರೂ ಓದಿ ಬರುತ್ತಾರಲ್ಲ!

ಒಂದು ವಾರವನ್ನು ಪೂರ್ತಿ ಬಿಡಿಸಿ ನೋಡೋಣ. ನಿಮ್ಮ ವಿಷಯದಲ್ಲಿ ತಪ್ಪದೆ ಬರುವ ಒಂದು ವಾರ ಇದೆ, ಎಲ್ಲರೂ ಹಂಚಿಕೊಂಡು ಬಳಸುವ ಸಂಪನ್ಮೂಲಗಳದ್ದು. ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಆರು ಪುಟದ ಲೇಖನ ಒಂದು ಕಡೆ. ಅದಕ್ಕೆ ಎದುರಾಗಿ ಎಲಿನಾರ್ ಆಸ್ಟ್ರಮ್ ಬರೆದ ಒಂದು ಅಧ್ಯಾಯ. ಆಸ್ಟ್ರಮ್ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಆ ಬಹುಮಾನ ಪಡೆದ ಮೊದಲ ಮಹಿಳೆ.

ಹಾರ್ಡಿನ್ ಹೇಳುವುದು ಇಷ್ಟು. ಎಲ್ಲರಿಗೂ ತೆರೆದ ಒಂದು ಹುಲ್ಲುಗಾವಲು ಇದೆ. ಒಬ್ಬ ದನಗಾಹಿ ಇನ್ನೊಂದು ದನ ಬಿಟ್ಟರೆ ಲಾಭ ಪೂರ್ತಿ ಅವನಿಗೆ, ಮೇವು ಕಡಿಮೆಯಾದ ನಷ್ಟ ಮಾತ್ರ ಎಲ್ಲರಿಗೂ ಹಂಚಿಹೋಗುತ್ತೆ. ಪ್ರತಿಯೊಬ್ಬನೂ ಹೀಗೇ ಲೆಕ್ಕ ಹಾಕಿದರೆ ಹುಲ್ಲುಗಾವಲು ಹಾಳು. ಆದ್ದರಿಂದ ಒಂದೋ ಅದು ಖಾಸಗಿಯಾಗಬೇಕು, ಇಲ್ಲವೇ ಮೇಲಿನಿಂದ ಯಾರಾದರೂ ಕಟ್ಟುನಿಟ್ಟು ಮಾಡಬೇಕು. ಆಸ್ಟ್ರಮ್ ಇದಕ್ಕೆ ಒಪ್ಪುವುದಿಲ್ಲ. ಸ್ಪೇನ್, ಫಿಲಿಪೈನ್ಸ್ ಮುಂತಾದ ಕಡೆ ರೈತರು ತಾವೇ ಕಟ್ಟುಪಾಡು ಮಾಡಿಕೊಂಡು ಬಹಳ ಕಾಲ ನೀರು ಹಂಚಿಕೊಂಡು ಬಂದದ್ದನ್ನು ಅವರು ತೋರಿಸುತ್ತಾರೆ. ಅಂಥ ಕಡೆ ಯಾವ ಯಾವ ಲಕ್ಷಣ ಕಾಣುತ್ತವೆ ಅಂತ ಎಂಟು ಸೂತ್ರ ಕೊಡುತ್ತಾರೆ. ಅದರಲ್ಲಿ ಒಂದು, ನೀರಿನ ಮೇಲೆ ಕಣ್ಣಿಡುವವನು ನೀರು ಬಳಸುವವರಿಗೆ ಉತ್ತರ ಹೇಳುವವನಾಗಿರಬೇಕು ಅನ್ನುವುದು.

ಈ ಎರಡನ್ನೂ ಮೊದಲ ಸಾಲಿನಿಂದ ಕೊನೆ ಸಾಲಿನವರೆಗೆ ಗೆರೆ ಎಳೆದುಕೊಂಡು ಓದಬೇಡಿ. ಮೊದಲು ಶುರುವಿನ ಪ್ಯಾರಾ, ಆಮೇಲೆ ನೇರವಾಗಿ ಕೊನೆಯ ಪ್ಯಾರಾ, ಆಮೇಲೆ ನಡುವಿನ ತಲೆಬರಹಗಳು. ಇದಕ್ಕೆ ಇಪ್ಪತ್ತು ನಿಮಿಷ. ಲೇಖಕ ಎಲ್ಲಿಗೆ ಹೋಗುತ್ತಿದ್ದಾನೆ ಅಂತ ಗೊತ್ತಾದ ಮೇಲೆ ಪೂರ್ತಿ ಓದಿ. ಗೊತ್ತಿಲ್ಲದ ಪದ ಸಿಕ್ಕಿದಾಗೆಲ್ಲ ನಿಲ್ಲಬೇಡಿ, ಎರಡನೇ ಸಲ ಅದೇ ಪದ ಬಂದರೆ ಮಾತ್ರ ಡಿಕ್ಷನರಿ ತೆಗೆಯಿರಿ. ಆಮೇಲೆ ಲೇಖನ ಮುಚ್ಚಿಟ್ಟು ಒಂದೇ ಪುಟದಲ್ಲಿ ಮೂರು ವಿಷಯ ಬರೆಯಿರಿ. ಇವರು ಹೇಳುವುದು ಏನು? ಅದು ನಿಜ ಆಗಬೇಕಾದರೆ ಮೊದಲು ಇನ್ನೇನು ನಿಜ ಆಗಿರಬೇಕು? ಯಾವ ಕಡೆ ಅದು ನಡೆಯುವುದಿಲ್ಲ? ಮೊದಲನೆಯದನ್ನು ನಮ್ಮವರೆಲ್ಲ ಚೆನ್ನಾಗಿ ಬರೆಯುತ್ತಾರೆ. ಎರಡು ಮೂರು ಖಾಲಿ ಇರುತ್ತವೆ. ನಿಮ್ಮ 54 ಇರುವುದು ಆ ಖಾಲಿ ಜಾಗದಲ್ಲೇ.

ಎರಡನೆಯದನ್ನು ಹಾರ್ಡಿನ್ ಮೇಲೆ ಹಾಕಿ ನೋಡಿ. ಅವರ ವಾದ ನಿಲ್ಲಬೇಕಾದರೆ ಹುಲ್ಲುಗಾವಲಿಗೆ ಯಾವ ಕಟ್ಟುಪಾಡೂ ಇರಬಾರದು, ದನಗಾಹಿಗಳು ಕೂತು ಒಂದು ಒಪ್ಪಂದಕ್ಕೂ ಬರಬಾರದು. ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ಇದು ವಿಚಿತ್ರ ಅನ್ನಿಸಬೇಕು, ಅಲ್ವಾ? ಆ ‘ವಿಚಿತ್ರ’ ಅನ್ನುವುದನ್ನೇ ಹಿಡಿದುಕೊಳ್ಳಿ.

ಮೂರನೆಯದಕ್ಕೆ ನೀವು ಮಂಡ್ಯದವರು ಅನ್ನುವುದು ಕೆಲಸಕ್ಕೆ ಬರುತ್ತೆ. ಕೆ.ಆರ್.ಎಸ್.ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯಲ್ಲಿ ಮೇಲಿನವರಿಗೆ ಭತ್ತ, ಕಬ್ಬಿಗೆ ನೀರು ಸಿಗುತ್ತೆ, ಕೊನೇ ಭಾಗದ ಮದ್ದೂರು, ಮಳವಳ್ಳಿ ಕಡೆ ನೀರು ಮುಟ್ಟಲಿಲ್ಲ ಅನ್ನುವ ದೂರು ನೀವು ಚಿಕ್ಕಂದಿನಿಂದ ಕೇಳಿದ್ದೀರಿ. ಮೇಲ್ನೋಟಕ್ಕೆ ಹಾರ್ಡಿನ್ ಹೇಳಿದ್ದೇ ಸರಿ ಅನ್ನಿಸುತ್ತೆ. ಆದರೆ ನಾಲೆ ಎಲ್ಲರಿಗೂ ತೆರೆದ ಹುಲ್ಲುಗಾವಲಲ್ಲ. ಅದಕ್ಕೆ ಸರ್ಕಾರದ ಒಡೆತನ ಇದೆ, ಇಂಜಿನಿಯರುಗಳಿದ್ದಾರೆ, ಗೇಟುಗಳಿವೆ. ಮೇಲಿನಿಂದ ಕಟ್ಟುನಿಟ್ಟು ಇದ್ದೂ ಕೊನೆಯವನಿಗೆ ನೀರಿಲ್ಲ. ಹಾಗಾದರೆ ಹಾರ್ಡಿನ್ ಹೇಳಿದ ಮದ್ದು ಇಲ್ಲಿ ಕೆಲಸ ಮಾಡಲಿಲ್ಲ ಅಂತಾಯಿತು.

ಈಗ ಆಸ್ಟ್ರಮ್ ಕಡೆಗೆ ತಿರುಗಿ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ. ತೂಬು ಎತ್ತುವುದು, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವುದು ಅವನ ಕೆಲಸ. ಅವನಿಗೆ ಸುಗ್ಗಿಯಲ್ಲಿ ರೈತರೇ ಕಾಳು ಅಳೆದು ಕೊಡುತ್ತಿದ್ದರು. ನೀರು ಬಳಸುವವರಿಗೆ ಉತ್ತರ ಹೇಳುವ ಕಾವಲುಗಾರ ಅಂದರೆ ಇವನೇ. ಆಸ್ಟ್ರಮ್ ಸೂತ್ರ ಸರಿಯಾಗಿ ಕೂತಿತು ಅಂತ ಖುಷಿಯಾಗಿ ಇಲ್ಲಿಗೇ ನಿಲ್ಲಿಸಿಬಿಡುವವರು ಜಾಸ್ತಿ. ಇನ್ನೊಂದು ಹೆಜ್ಜೆ ಹೋಗಿ. ಹೆಚ್ಚಿನ ಊರುಗಳಲ್ಲಿ ನೀರುಗಂಟಿ ದಲಿತ ಕುಟುಂಬದವನು. ದೊಡ್ಡ ಹಿಡುವಳಿಯ ಗೌಡರ ಗದ್ದೆಗೆ ಸರದಿ ಬಿಟ್ಟು ನೀರು ಹೋದರೆ ಅವನು ತಡೆಯಬಲ್ಲನೇ? ಕಾವಲುಗಾರ ರೈತರಿಗೆ ಉತ್ತರ ಹೇಳುತ್ತಾನೆ ಸರಿ, ಆದರೆ ಯಾವ ರೈತರಿಗೆ? ನೋಡಿ, ಈಗ ನಿಮ್ಮ ಹತ್ತಿರ ಆ ಕೋಣೆಯಲ್ಲಿ ಬೇರೆ ಯಾರೂ ಕೇಳಲಾಗದ ಒಂದು ಪ್ರಶ್ನೆ ಇದೆ.

ಪ್ರಬಂಧದಲ್ಲಿ ಇದು ಹೇಗೆ ಕಾಣುತ್ತೆ ಅಂತಲೂ ಹೇಳಿಬಿಡುತ್ತೇನೆ. 54 ಬರುವ ಬರವಣಿಗೆ ಹೀಗಿರುತ್ತೆ: ‘ಹಾರ್ಡಿನ್ 1968ರಲ್ಲಿ ಹೀಗೆ ಹೇಳಿದ್ದಾರೆ. ಆಸ್ಟ್ರಮ್ ಹೀಗೆ ಹೇಳಿದ್ದಾರೆ. ಎರಡೂ ವಾದಗಳು ಮುಖ್ಯವಾದವು.’ ತಪ್ಪೇನೂ ಇಲ್ಲ, ಪಾಸು. ಅರವತ್ತು ದಾಟುವ ಬರವಣಿಗೆ ಹೀಗಿರುತ್ತೆ: ‘ಹಾರ್ಡಿನ್‌ರ ವಾದ ನಿಂತಿರುವುದು ಬಳಕೆದಾರರ ನಡುವೆ ಕಟ್ಟುಪಾಡು ಇಲ್ಲ ಎಂಬ ಊಹೆಯ ಮೇಲೆ. ಕಟ್ಟುಪಾಡು ಇರುವ ಕಡೆ ಆ ವಾದ ನಿಲ್ಲುವುದಿಲ್ಲ ಎಂದು ಆಸ್ಟ್ರಮ್ ತೋರಿಸುತ್ತಾರೆ. ಆದರೆ ಕಾವಲುಗಾರ ಬಳಕೆದಾರರಿಗೆ ಉತ್ತರ ಹೇಳಬೇಕು ಎನ್ನುವಾಗ, ಬಳಕೆದಾರರೆಲ್ಲ ಸಮಾನರು ಎಂದು ಸೂತ್ರ ಒಪ್ಪಿಕೊಂಡುಬಿಡುತ್ತದೆ. ಜಾತಿ ಮತ್ತು ಹಿಡುವಳಿಯ ವ್ಯತ್ಯಾಸ ಇರುವ ನೀರಾವರಿಯಲ್ಲಿ ಇದನ್ನು ಪರೀಕ್ಷಿಸಬೇಕು.’ ಪುಸ್ತಕ ಎರಡೂ ಅವೇ. ಇಲ್ಲಿ ಒಂದು ವಾಕ್ಯ ಇನ್ನೊಂದನ್ನು ಕೇಳಿಸಿಕೊಂಡು ಮುಂದೆ ಹೋಗುತ್ತಿದೆ.

ಒಂದು ಎಚ್ಚರಿಕೆ. ಸೆಮಿನಾರಿನಲ್ಲಿ ‘ನಮ್ಮೂರಿನಲ್ಲಿ ಹೀಗೆ’ ಅನ್ನಬಹುದು, ಅದಕ್ಕೆ ಬೆಲೆಯೂ ಇದೆ. ಪ್ರಬಂಧದಲ್ಲಿ ಅದು ನಡೆಯುವುದಿಲ್ಲ. ನೀರುಗಂಟಿಗಳ ಬಗ್ಗೆ, ಕರ್ನಾಟಕದ ಕೆರೆ ನೀರಾವರಿಯ ಬಗ್ಗೆ ಪ್ರಕಟವಾದ ಅಧ್ಯಯನ ಹುಡುಕಿ ಅದನ್ನು ಉಲ್ಲೇಖಿಸಬೇಕು. ಹುಡುಕುವುದು ಗೊತ್ತಾಗದಿದ್ದರೆ ನಿಮ್ಮ ವಿಭಾಗಕ್ಕೆ ಅಂತಲೇ ಒಬ್ಬ ಲೈಬ್ರರಿಯನ್ ಇರುತ್ತಾರೆ, ಅವರ ಹತ್ತಿರ ಅರ್ಧ ಗಂಟೆ ಸಮಯ ಕೇಳಿ. ನಮ್ಮವರು ಈ ಸೌಲಭ್ಯ ಬಳಸುವುದೇ ಇಲ್ಲ. ನಮ್ಮಲ್ಲಿ ಲೈಬ್ರರಿಯನ್ ಅಂದರೆ ಪುಸ್ತಕಕ್ಕೆ ಸೀಲು ಹಾಕಿ ಕೊಡುವವರು ಅಂತ ರೂಢಿಯಾಗಿದೆಯಲ್ಲ, ಅದಕ್ಕಿರಬೇಕು.

ಈಗ ಬಾಯಿ ಬಿಡುವ ವಿಷಯ. ನೀವು ಸೆಮಿನಾರಿನಲ್ಲಿ ಮಾಡುತ್ತಿರುವುದು ಇದಿರಬಹುದು: ಒಂದು ಯೋಚನೆ ಬರುತ್ತೆ, ಅದನ್ನು ಮನಸ್ಸಿನಲ್ಲೇ ಸರಿಯಾದ ಇಂಗ್ಲಿಷ್ ವಾಕ್ಯ ಮಾಡುತ್ತೀರಿ, ವ್ಯಾಕರಣ ನೋಡಿಕೊಳ್ಳುತ್ತೀರಿ, ಅಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತೆ. ಹಾಗಾಗಿ ವಾಕ್ಯವನ್ನು ಸೆಮಿನಾರಿನಲ್ಲಿ ಕೂತು ಕಟ್ಟಬೇಡಿ, ಹಿಂದಿನ ದಿನ ಸಂಜೆಯೇ ಕಟ್ಟಿ. ಶಿಫ್ಟ್ ಬೇಡ ಅಂದದ್ದು ಇದಕ್ಕೇ. ಆ ಒಂದು ಪುಟದ ನೋಟ್ಸಿನ ಕೆಳಗೆ ಎರಡು ಸಾಲು ಬರೆದುಕೊಳ್ಳಿ, ಒಂದು ಪ್ರಶ್ನೆ, ಒಂದು ಉದಾಹರಣೆ. ಪುಟದ ಸಂಖ್ಯೆ ಜೊತೆಗಿರಲಿ. ಎರಡನ್ನೂ ರೂಮಿನಲ್ಲಿ ಒಂದು ಸಲ ಜೋರಾಗಿ ಹೇಳಿ ನೋಡಿ. ಪ್ರತಿಯೊಂದೂ ಅರ್ಧ ನಿಮಿಷಕ್ಕಿಂತ ಉದ್ದ ಇರಬಾರದು.

ಮೊದಲ ಹತ್ತು ನಿಮಿಷದಲ್ಲೇ ಪ್ರಶ್ನೆಯನ್ನು ಕೇಳಿಬಿಡಿ. ಶುರುವಿನಲ್ಲಿ ಮಾತು ಇನ್ನೂ ಲೇಖನದ ಹತ್ತಿರವೇ ಇರುತ್ತೆ, ನೀವು ತಯಾರು ಮಾಡಿಕೊಂಡದ್ದು ಅಲ್ಲಿಗೆ ಹೊಂದುತ್ತೆ. ಅರ್ಧ ಗಂಟೆ ಕಳೆದರೆ ಅದು ಎಲ್ಲಿಗೆ ಹೋಗಿರುತ್ತೋ ಹೇಳಲಾಗದು. ಅಭಿಪ್ರಾಯಕ್ಕಿಂತ ಪ್ರಶ್ನೆ ಸುಲಭ, ಯಾಕೆಂದರೆ ಅದನ್ನು ಯಾರೂ ತಪ್ಪು ಅನ್ನಲಾರರು. ‘ಆಸ್ಟ್ರಮ್ ಬಳಕೆದಾರರು ಅಂದಾಗ ಎಲ್ಲರನ್ನೂ ಸಮಾನ ಅಂತ ಇಟ್ಟುಕೊಂಡಿದ್ದಾರಾ?’ ಇಷ್ಟು ಕೇಳಿದರೆ ಸಾಕು. ಟ್ಯೂಟರ್ ‘ಯಾಕೆ ಹಾಗನ್ನಿಸಿತು?’ ಅಂತ ತಿರುಗಿ ಕೇಳಿಯೇ ಕೇಳುತ್ತಾರೆ. ಆಗ ನೀರುಗಂಟಿಯನ್ನು ಹೊರಗೆ ತೆಗೆಯಿರಿ. ಮಾತು ಮುಂದೆ ಹೋಗಿಬಿಟ್ಟಿದ್ದರೆ ‘ಕ್ಯಾನ್ ಐ ಗೋ ಬ್ಯಾಕ್ ಟು ದಿ ಅರ್ಲಿಯರ್ ಪಾಯಿಂಟ್?’ ಅಂದು ವಾಪಸ್ ಎಳೆಯಬಹುದು, ಅಲ್ಲಿ ಅದು ಒರಟುತನ ಅಲ್ಲ. ಬೇರೆಯವರ ಮಾತನ್ನು ಒಪ್ಪದಿರುವುದೂ ಒರಟುತನ ಅಲ್ಲ. ಪ್ರೊಫೆಸರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ತೊದಲಿದರೆ ಹೆಸರೇ ಇಲ್ಲದೆ ಮಾತು ಶುರುಮಾಡಿ. ಪ್ರತಿ ವಾಕ್ಯಕ್ಕೂ ‘ಸರ್’ ಸೇರಿಸುವುದನ್ನು ಮಾತ್ರ ಬಿಡಿ, ಅವರಿಗೇ ಮುಜುಗರ ಆಗುತ್ತೆ.

ಇನ್ನೊಂದು ಗುಟ್ಟು. ಅಲ್ಲಿ ಪಟಪಟ ಮಾತಾಡುವವರಲ್ಲಿ ಅರ್ಧ ಜನ ಲೇಖನದ ಮೊದಲ ಎರಡು ಪುಟ ಮಾತ್ರ ಓದಿರುತ್ತಾರೆ. ಸ್ಕೂಲಿನಿಂದಲೇ ಅವರಿಗೆ ಗುಂಪಿನಲ್ಲಿ ಮಾತಾಡಿ ಅಭ್ಯಾಸ, ಹಾಗಾಗಿ ಅರ್ಧ ಬೆಂದ ಯೋಚನೆಯನ್ನೂ ಧೈರ್ಯವಾಗಿ ಹೊರಗೆ ಹಾಕುತ್ತಾರೆ. ಟ್ಯೂಟರ್‌ಗೆ ಇದು ಗೊತ್ತಿರುತ್ತೆ. ಪುಟದ ಸಂಖ್ಯೆ ಹೇಳಿ ಮಾತಾಡುವವರು ಸಿಕ್ಕರೆ ಅವರ ಕಿವಿ ನೆಟ್ಟಗಾಗುತ್ತೆ, ಉಚ್ಚಾರಣೆ ಹೇಗಿದ್ದರೂ.

ಅಲ್ಲಿ ಮಾತಿಗೆ ಅಂಕ ಇದೆಯಾ ಅಂತ ನಿಮ್ಮ ಮಾಡ್ಯೂಲ್ ಹ್ಯಾಂಡ್‌ಬುಕ್ಕಿನಲ್ಲಿ ನೋಡಿ. ಬ್ರಿಟನ್ನಿನಲ್ಲಿ ಬಹಳ ಕಡೆ ನೇರವಾಗಿ ಇರುವುದಿಲ್ಲ. ಅಮೆರಿಕಕ್ಕೆ ಹೋದ ನಿಮ್ಮ ಗೆಳೆಯರಿಗೆ ಸಿಲಬಸ್‌ನಲ್ಲೇ ಅದಕ್ಕೆ ಇಷ್ಟು ಪಾಲು ಅಂತ ಬರೆದಿರುವುದು ಸಾಮಾನ್ಯ. ಅಂಕ ಇಲ್ಲದಿದ್ದರೂ ಮಾತಾಡಿ ಅಂತ ನಾನು ಹೇಳುವುದಕ್ಕೆ ಕಾರಣ ಒಂದೇ: ಜನವರಿಯ ಪ್ರಬಂಧದ ವಾದವನ್ನು ನವೆಂಬರಿನಲ್ಲೇ ಪುಕ್ಕಟೆಯಾಗಿ ಪರೀಕ್ಷೆ ಮಾಡಿಕೊಳ್ಳಬಹುದು. ಅದಕ್ಕೆ ಯಾರಾದರೂ ಒಳ್ಳೆಯ ಆಕ್ಷೇಪ ಎತ್ತಿದರೆ ಅದೇ ನಿಮ್ಮ ಮುಂದಿನ ಪ್ಯಾರಾ.

ಆಫೀಸ್ ಅವರ್ಸ್‌ಗೆ ಹೋಗುತ್ತಿದ್ದೀರಾ? ಪ್ರತಿ ಟ್ಯೂಟರ್ ವಾರದಲ್ಲಿ ಒಂದೆರಡು ಗಂಟೆ ವಿದ್ಯಾರ್ಥಿಗಳಿಗೆ ಅಂತಲೇ ಬಾಗಿಲು ತೆರೆದಿಡುತ್ತಾರೆ. ತಪ್ಪು ಮಾಡಿದವರನ್ನು ಕರೆಸುವ ಜಾಗ ಅದಲ್ಲ. ಆ 54ರ ಪ್ರಬಂಧ ಹಿಡಿದುಕೊಂಡು ಹೋಗಿ. ‘ಯಾಕೆ ಕಡಿಮೆ ಕೊಟ್ಟಿರಿ’ ಅಂತ ಕೇಳಬೇಡಿ, ಮಾತು ಅಲ್ಲೇ ನಿಂತುಹೋಗುತ್ತೆ. ‘ಈ ಪ್ಯಾರಾದಲ್ಲಿ ಯಾವ ಜಾಗದಲ್ಲಿ ವಿಶ್ಲೇಷಣೆ ಬರಬೇಕಿತ್ತು, ಬೆರಳಿಟ್ಟು ತೋರಿಸುತ್ತೀರಾ?’ ಅಂತ ಕೇಳಿ. ಹ್ಯಾಂಡ್‌ಬುಕ್ಕಿನಲ್ಲಿ ಅಂಕ ಕೊಡುವ ಮಾನದಂಡದ ಕೋಷ್ಟಕ ಇರುತ್ತೆ. 50ರ ಸಾಲಿನಲ್ಲಿ ಏನು ಬರೆದಿದೆ, 60ರ ಸಾಲಿನಲ್ಲಿ ಏನು ಬರೆದಿದೆ, ಎರಡನ್ನೂ ಪಕ್ಕಪಕ್ಕ ಓದಿಕೊಂಡೇ ಹೋಗಿ.

ಗೆಳೆಯರ ಜೊತೆ ಸೇರಿ ಓದುವುದು ಒಳ್ಳೆಯದೇ, ಲೇಖನದ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ. ಪ್ರಬಂಧದ ಕರಡು ಮಾತ್ರ ಹಂಚಿಕೊಳ್ಳಬೇಡಿ. ನಮ್ಮಲ್ಲಿ ಅಸೈನ್‌ಮೆಂಟ್ ಕೊಡುವುದು ಸ್ನೇಹದ ಲಕ್ಷಣ, ಅಲ್ಲಿ ಕೊಟ್ಟವನೂ ತಗೊಂಡವನೂ ಇಬ್ಬರೂ ವಿಚಾರಣೆಗೆ ನಿಲ್ಲಬೇಕಾಗುತ್ತೆ. ನಕಲು ಪತ್ತೆಹಚ್ಚಲು ಬಳಸುವ ಟರ್ನಿಟಿನ್ ಸಾಫ್ಟ್‌ವೇರ್ ತೋರಿಸುವ ಹೋಲಿಕೆಯ ಪರ್ಸೆಂಟ್ ಕಡಿಮೆ ಇದ್ದ ಮಾತ್ರಕ್ಕೆ ಬಚಾವ್ ಅಂದುಕೊಳ್ಳಬೇಡಿ. ಬೇರೆಯವರ ವಾದವನ್ನು ನಿಮ್ಮ ಪದಗಳಲ್ಲಿ ಬರೆದು ಹೆಸರು ಹಾಕದಿದ್ದರೆ ಪರ್ಸೆಂಟ್ ಸೊನ್ನೆ ಇದ್ದರೂ ತಪ್ಪು ತಪ್ಪೇ.

ಕ್ಲಾಸಿಗೆ ಹೋಗಲು ಭಯವಾಗಿ ತಪ್ಪಿಸಿಕೊಳ್ಳುವ ಹಂತಕ್ಕೆ ಬಂದಿದ್ದರೆ ಪರ್ಸನಲ್ ಟ್ಯೂಟರ್‌ಗೆ ಈ ವಾರವೇ ಹೇಳಿ. ಹಾಜರಾತಿಗೂ ನಿಮ್ಮ ವೀಸಾಕ್ಕೂ ಸಂಬಂಧ ಇದೆ, ವಿಶ್ವವಿದ್ಯಾಲಯ ಅದನ್ನು ಗಮನಿಸಲೇಬೇಕು. ಕಾಯಿಲೆಯೋ ಮನೆಯಲ್ಲಿ ತೊಂದರೆಯೋ ಆಗಿ ಪ್ರಬಂಧ ತಡವಾಗುವಂತಿದ್ದರೆ ಕೊನೆಯ ದಿನಕ್ಕೆ ಮೊದಲೇ ಅರ್ಜಿ ಹಾಕಬೇಕು. ದಿನ ಕಳೆದ ಮೇಲೆ ಹೋಗಿ ಕೈ ಮುಗಿದರೆ ಅಲ್ಲಿ ನಡೆಯುವುದು ಕಷ್ಟ.

ಇನ್ನು 60 ಕ್ರೆಡಿಟ್‌ನ ಡಿಸರ್ಟೇಷನ್ ಬೇಸಿಗೆಯಲ್ಲಿ ಬರುತ್ತೆ, ಅಂದರೆ ಲೆಕ್ಕದಲ್ಲಿ 600 ಗಂಟೆ, ಅದಕ್ಕೆ ಕ್ಲಾಸೇ ಇರುವುದಿಲ್ಲ ಅನ್ನಬೇಕು. ನಾಲೆಯ ಕೊನೇ ಭಾಗದ ಈ ಪ್ರಶ್ನೆಯನ್ನೇ ಅಲ್ಲಿಗೆ ಬೆಳೆಸಬಹುದು ಅಂತ ನನಗನ್ನಿಸುತ್ತೆ. ಹಾಗೆ ಮಾಡುವುದಾದರೆ ಊರಿಗೆ ಬಂದು ಮಳವಳ್ಳಿಯ ರೈತರನ್ನು ಮಾತಾಡಿಸುವ ಮೊದಲು ವಿಶ್ವವಿದ್ಯಾಲಯದ ಎಥಿಕ್ಸ್ ಅನುಮತಿ ಕೈಯಲ್ಲಿರಬೇಕು. ಪರಿಚಯದವರು, ಮಾವನವರು ಅಂತ ಸುಮ್ನೆ ರೆಕಾರ್ಡ್ ಮಾಡಿಕೊಂಡು ಬಂದರೆ, ಎಷ್ಟೇ ಒಳ್ಳೆಯ ಮಾತು ಸಿಕ್ಕಿದ್ದರೂ ಅದನ್ನು ಬಳಸಲು ಬಿಡುವುದಿಲ್ಲ. ಅನುಮತಿಗೆ ವಾರಗಟ್ಟಲೆ ಹಿಡಿಯುತ್ತೆ, ಆದ್ದರಿಂದ ಸೂಪರ್‌ವೈಸರ್ ಹತ್ತಿರ ಈ ಮಾತನ್ನು ಫೆಬ್ರವರಿಯಲ್ಲೇ ಎತ್ತಿ.